ಭಾಷಾ ಪುನಶ್ಚೇತನ: ತಲೆಯೆಣಿಕೆಯಾಚೆಗಿನ ಅಳತೆಗಳು

ತಂದೆತಾಯಿಯಿಂದ ಮಕ್ಕಳಿಗೆ ದಾಟುವುದು ನಿಂತುಹೋದ ಅಥವಾ ನಿಲ್ಲುತ್ತಿರುವ ನುಡಿಯೊಂದನ್ನು ಮತ್ತೆ ದಿನಬಳಕೆಗೆ ತರಲು ಆ ನುಡಿಯ ಸಮುದಾಯ ಯೋಜನೆ ಹಾಕಿಕೊಂಡು ನಡೆಸುವ ಕೆಲಸಕ್ಕೆ ಭಾಷಾ ಪುನಶ್ಚೇತನ ಎಂದು ಹೆಸರು. ಎಷ್ಟೋ ಕಡೆ ಇದಕ್ಕೆ ಸರ್ಕಾರದ ಹಣವೂ ಕಾನೂನಿನ ಬೆಂಬಲವೂ ಸಿಗುತ್ತವೆ. ಹಣ ಕೊಟ್ಟವರು ಫಲಿತಾಂಶ ಕೇಳುತ್ತಾರೆ. ಆಗ ಸುಲಭವಾಗಿ ಕೈಗೆ ಸಿಗುವ ಉತ್ತರ, ಆ ಭಾಷೆಯನ್ನು ಆಡಬಲ್ಲವರ ಸಂಖ್ಯೆ. ಈ ಸಂಖ್ಯೆ ಸುಳ್ಳಲ್ಲ, ಆದರೆ ಅದು ಉತ್ತರಿಸುವ ಪ್ರಶ್ನೆ ಬೇರೆ. ಎಷ್ಟು ಜನಕ್ಕೆ ಬರುತ್ತದೆ ಎಂಬುದನ್ನು ಅದು ಹೇಳುತ್ತದೆ. ಯಾರು ಯಾರೊಡನೆ ಆಡುತ್ತಾರೆ, ಮನೆಯಲ್ಲಿ ಮಗುವಿನ ಕಿವಿಗೆ ಯಾವ ಮಾತು ಬೀಳುತ್ತದೆ ಎಂಬುದನ್ನು ಹೇಳುವುದಿಲ್ಲ. ನುಡಿಯ ಉಳಿವು ನಿಂತಿರುವುದು ಎರಡನೆಯದರ ಮೇಲೆ. ಅದನ್ನು ಅಳೆಯಲು ಕಳೆದ ಮೂರು ನಾಲ್ಕು ದಶಕಗಳಲ್ಲಿ ರೂಪುಗೊಂಡ ವಿಧಾನಗಳನ್ನು ಈ ಲೇಖನ ಮುಖ್ಯವಾಗಿ ನ್ಯೂಜಿಲೆಂಡಿನ ಮಾವೋರಿ ಭಾಷೆಯ ಅನುಭವದ ಮೂಲಕ ಪರಿಶೀಲಿಸುತ್ತದೆ. ಇಷ್ಟು ದೀರ್ಘಕಾಲ, ಇಷ್ಟು ಬಗೆಯ ಅಳತೆಗೆ ಒಳಪಟ್ಟ ಪುನಶ್ಚೇತನ ಯತ್ನಗಳು ಕೆಲವೇ ಇವೆ.

ಎಣಿಕೆ ಏನನ್ನು ಎಣಿಸುತ್ತದೆ

ನ್ಯೂಜಿಲೆಂಡಿನ ಜನಗಣತಿ 1996ರಿಂದ ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ ಕೇಳುತ್ತ ಬಂದಿದೆ. ದಿನನಿತ್ಯದ ಹಲವಾರು ವಿಷಯಗಳ ಬಗ್ಗೆ ನೀವು ಯಾವ ಯಾವ ಭಾಷೆಗಳಲ್ಲಿ ಮಾತುಕತೆ ನಡೆಸಬಲ್ಲಿರಿ ಎಂಬುದು ಆ ಪ್ರಶ್ನೆಯ ಸಾರ. ಉತ್ತರವನ್ನು ತೂಗಿ ನೋಡುವ ಪರೀಕ್ಷಕರಿಲ್ಲ. ತನಗೆ ಎಷ್ಟು ಬರುತ್ತದೆ ಎಂಬುದನ್ನು ಪ್ರತಿಯೊಬ್ಬರೂ ತಾವೇ ತೀರ್ಮಾನಿಸಿ ಬರೆಯುತ್ತಾರೆ, ಚಿಕ್ಕ ಮಕ್ಕಳ ಪರವಾಗಿ ಹಿರಿಯರು ಬರೆಯುತ್ತಾರೆ.

ಹೀಗೆ ಬಂದ ಅಂಕಿಗಳನ್ನು ಓದುವಾಗ ಮೊದಲ ತೊಡಕು ಎದುರಾಗುತ್ತದೆ. 2001ರಲ್ಲಿ ಮಾವೋರಿ ಜನರಲ್ಲಿ 1,30,485 ಮಂದಿ ತಮಗೆ ಮಾವೋರಿ ಭಾಷೆ ಬರುತ್ತದೆ ಎಂದಿದ್ದರು. 2006ರಲ್ಲಿ ಆ ಸಂಖ್ಯೆ 1,31,613ಕ್ಕೆ ಏರಿತು. ಆದರೆ ಒಟ್ಟು ಮಾವೋರಿ ಜನಸಂಖ್ಯೆ ಅದಕ್ಕಿಂತ ವೇಗವಾಗಿ ಬೆಳೆದಿದ್ದರಿಂದ ಭಾಷೆ ಬಲ್ಲವರ ಪಾಲು ಶೇಕಡಾ 25.2ರಿಂದ 23.7ಕ್ಕೆ ಇಳಿಯಿತು. 2018 ಮತ್ತು 2023ರ ನಡುವೆ ಇದೇ ಸಂಗತಿ ಇನ್ನೂ ಎದ್ದು ಕಾಣುತ್ತದೆ. ಬೇರೆ ಜನಾಂಗದವರನ್ನೂ ಸೇರಿಸಿದರೆ ಇಡೀ ದೇಶದಲ್ಲಿ ಭಾಷೆ ಬಲ್ಲವರು 1,85,955ರಿಂದ 2,13,849ಕ್ಕೆ ಏರಿದರು. ಮಾವೋರಿ ಜನರೊಳಗೆ ಮಾತ್ರ ಅವರ ಪಾಲು ಶೇಕಡಾ 20.6ರಿಂದ 18.6ಕ್ಕೆ ಇಳಿಯಿತು. ಭಾಷೆ ಬೆಳೆಯುತ್ತಿದೆ ಎಂದು ಬರೆದ ಪತ್ರಿಕೆಯೂ ಸರಿ, ಕುಗ್ಗುತ್ತಿದೆ ಎಂದು ಬರೆದ ಪತ್ರಿಕೆಯೂ ಸರಿ.

ಎರಡನೆಯ ತೊಡಕು ಸ್ವಂತ ಅಂದಾಜಿನದು. ಆರು ತಿಂಗಳು ತರಗತಿಗೆ ಹೋದವನಿಗೆ ತನಗೆ ಸಾಕಷ್ಟು ಬಂತೆಂಬ ಹುಮ್ಮಸ್ಸು ಇರುತ್ತದೆ. ಐದು ವರ್ಷ ಕಲಿತ ಮೇಲೆ ತನಗೆ ಬಾರದ್ದು ಎಷ್ಟಿದೆ ಎಂಬುದು ಅದೇ ಮನುಷ್ಯನಿಗೆ ಕಾಣತೊಡಗುತ್ತದೆ, ಅವನು ತನ್ನ ಅಂದಾಜನ್ನು ತಗ್ಗಿಸಿಕೊಳ್ಳುತ್ತಾನೆ. ತಾತನ ಮಾತಿನೊಡನೆ ತನ್ನ ಮಾತನ್ನು ಹೋಲಿಸಿಕೊಳ್ಳುವ ಹಿರಿಯಳೂ ಹಾಗೆಯೇ ಕಡಿಮೆ ಬರೆಯುತ್ತಾಳೆ. ಕಲಿಕೆ ಆಳವಾದಷ್ಟೂ ಅಂಕ ಇಳಿಯಬಹುದಾದ ಅಳತೆ ಇದು.

ಮೂರನೆಯ ತೊಡಕಿಗೆ ವೇಲ್ಸ್ ನಾಡಿನ ಉದಾಹರಣೆ ಚೆನ್ನಾಗಿ ಹೊಂದುತ್ತದೆ. 2050ರ ಹೊತ್ತಿಗೆ ವೆಲ್ಷ್ ಆಡುವವರು 10 ಲಕ್ಷವಾಗಬೇಕೆಂದು ಅಲ್ಲಿನ ಸರ್ಕಾರ ಗುರಿ ಇಟ್ಟಿದೆ. 2011ರ ಜನಗಣತಿಯಲ್ಲಿ ಸುಮಾರು 5,62,000 ಮಂದಿ, ಅಂದರೆ ಶೇಕಡಾ 19, ವೆಲ್ಷ್ ಬರುತ್ತದೆ ಎಂದಿದ್ದರು. 2021ರಲ್ಲಿ ಅದು ಸುಮಾರು 5,38,000ಕ್ಕೆ, ಶೇಕಡಾ 17.8ಕ್ಕೆ ಇಳಿಯಿತು. ಅದೇ ಕಾಲದಲ್ಲಿ ಸಂದರ್ಶನದ ಮೂಲಕ ನಡೆಯುವ ವಾರ್ಷಿಕ ಸಮೀಕ್ಷೆ ಅದೇ ನಾಡಿನಲ್ಲಿ ಸುಮಾರು ಶೇಕಡಾ 29 ಎಂದು ತೋರಿಸುತ್ತಿತ್ತು. ಜನಗಣತಿಯ ಇಳಿಕೆಯ ಬಹುಭಾಗ ಕಂಡದ್ದು 3ರಿಂದ 15 ವರ್ಷದ ಮಕ್ಕಳಲ್ಲಿ. ಆ ಮಕ್ಕಳ ಪರವಾಗಿ ನಮೂನೆ ತುಂಬಿದವರು ಹೆತ್ತವರು. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ ಕಾಲ ಅದು, ವೆಲ್ಷ್ ಕೇಳಿಬರುತ್ತಿದ್ದ ತರಗತಿಗಳೂ ನಿಂತಿದ್ದವು. ಪ್ರಶ್ನೆ ಕೇಳುವ ಬಗೆ ಬದಲಾದೊಡನೆ ಲಕ್ಷಗಟ್ಟಲೆ ಜನ ಪಟ್ಟಿಯೊಳಗೆ ಬರುತ್ತಾರೆ, ಹೊರಗೆ ಹೋಗುತ್ತಾರೆ. ಈ ಅಪಾಯವನ್ನು ವೇಲ್ಸ್ ಮೊದಲೇ ಮನಗಂಡಿತ್ತೆಂದು ತೋರುತ್ತದೆ, ಏಕೆಂದರೆ ಅದರ ಯೋಜನೆಯಲ್ಲಿ ಇನ್ನೊಂದು ಗುರಿಯೂ ಇದೆ: ದಿನವೂ ವೆಲ್ಷ್ ಆಡುವವರು, ನಾಲ್ಕು ಪದಕ್ಕಿಂತ ಹೆಚ್ಚು ಆಡಬಲ್ಲವರು, 2013–15ರಲ್ಲಿ ಜನಸಂಖ್ಯೆಯ ಶೇಕಡಾ 10 ಇದ್ದದ್ದು 2050ಕ್ಕೆ ಶೇಕಡಾ 20 ಆಗಬೇಕು. ನನ್ನ ಮಟ್ಟಿಗೆ ಈ ಎರಡನೆಯ ಗುರಿ 10 ಲಕ್ಷದ ಗುರಿಗಿಂತ ತೂಕದ್ದು.

ಮಾವೋರಿ: ನುಡಿ ಕಳಚಿದ ಬಗೆ, ಗೂಡು ಕಟ್ಟಿದ ಬಗೆ

1913ರಲ್ಲಿ ಶಾಲೆಗೆ ಹೋಗುವ ಮಾವೋರಿ ಮಕ್ಕಳಲ್ಲಿ ಶೇಕಡಾ 90 ಮಂದಿಗೆ ಮಾವೋರಿ ಬರುತ್ತಿತ್ತು. 1953ರಲ್ಲಿ ಅದು ಶೇಕಡಾ 26 ಆಯಿತು, 1975ರಲ್ಲಿ ಶೇಕಡಾ 5ಕ್ಕಿಂತ ಕೆಳಗಿಳಿಯಿತು. ಶಾಲೆಗಳಲ್ಲಿ ಇಂಗ್ಲಿಷನ್ನೇ ಹೇರಿದ್ದು ಒಂದು ಕಾರಣ. ಎರಡನೇ ಮಹಾಯುದ್ಧದ ನಂತರ ಕೆಲಸ ಹುಡುಕಿಕೊಂಡು ಹಳ್ಳಿಯ ಮಾವೋರಿ ಕುಟುಂಬಗಳು ನಗರ ಸೇರಿ, ಇಂಗ್ಲಿಷ್ ಆಡುವ ನೆರೆಹೊರೆಯಲ್ಲಿ ಚದುರಿಹೋದದ್ದು ಇನ್ನೊಂದು.

1970ರ ದಶಕದಲ್ಲಿ ಭಾಷಾಶಾಸ್ತ್ರಜ್ಞ ರಿಚರ್ಡ್ ಬೆಂಟನ್ ಅವರ ತಂಡ ಉತ್ತರ ದ್ವೀಪದಲ್ಲಿ 6,000ಕ್ಕೂ ಹೆಚ್ಚು ಕುಟುಂಬಗಳ ಮನೆಬಾಗಿಲಿಗೆ ಹೋಯಿತು. ಭಾಷೆ ಬರುತ್ತದೆಯೇ ಎಂದಷ್ಟೇ ಕೇಳಿ ಅವರು ಹಿಂತಿರುಗಲಿಲ್ಲ. ಮನೆಯಲ್ಲಿ ಯಾರು ಯಾರೊಡನೆ ಯಾವ ಭಾಷೆ ಆಡುತ್ತಾರೆಂದು ವಿಚಾರಿಸಿದರು. ಸರಾಗವಾಗಿ ಮಾತಾಡಬಲ್ಲವರು ಸುಮಾರು 70,000 ಎಂಬ ಅಂದಾಜು ಹೊರಬಂತು. ಬರಿಯ ಸಂಖ್ಯೆಯಾಗಿ ನೋಡಿದರೆ ಅದು ಚಿಕ್ಕದೇನಲ್ಲ. ಭಯ ಹುಟ್ಟಿಸಿದ್ದು ಜೊತೆಗೆ ತಿಳಿದುಬಂದ ಸಂಗತಿ: ಅವರಲ್ಲಿ ಬಹುಪಾಲು ಮಂದಿ ವಯಸ್ಸಾದವರು, ಎಳೆಯ ಮಕ್ಕಳನ್ನು ಮಾವೋರಿಯಲ್ಲೇ ಬೆಳೆಸುತ್ತಿದ್ದ ಮನೆಗಳು ತೀರಾ ವಿರಳ. ಉರೆವೆರ ಕಾಡುಸೀಮೆಯ ರೂವಾತೊಕಿಯಂಥ ಊರು ಅಪವಾದವಾಗಿ ಉಳಿದಿತ್ತು. ದೇಶದ ಮೊದಲ ಅಧಿಕೃತ ದ್ವಿಭಾಷಾ ಶಾಲೆ 1978ರಲ್ಲಿ ಅಲ್ಲಿಯೇ ಆರಂಭವಾಯಿತು. ತಲೆಯೆಣಿಕೆಯೊಂದೇ ಕೈಯಲ್ಲಿದ್ದಿದ್ದರೆ ಇನ್ನೂ ಇಪ್ಪತ್ತು ವರ್ಷ ಯಾರಿಗೂ ಎಚ್ಚರವಾಗುತ್ತಿರಲಿಲ್ಲ.

ಎಚ್ಚರದ ಫಲವಾಗಿ 1982ರಲ್ಲಿ ವೆಲಿಂಗ್ಟನ್ ಬಳಿಯ ವೈನುಯಿಯೊಮಾತದಲ್ಲಿ ಮೊದಲ ಕೋಹಂಗ ರೆಯೊ ಶುರುವಾಯಿತು. ‘ಕೋಹಂಗ’ ಎಂದರೆ ಗೂಡು, ‘ರೆಯೊ’ ಎಂದರೆ ನುಡಿ. ಶಾಲೆಗೆ ಸೇರುವ ಮುಂಚಿನ ಮಕ್ಕಳನ್ನು ದಿನವಿಡೀ ಮಾವೋರಿ ಬಲ್ಲ ಅಜ್ಜ ಅಜ್ಜಿಯರ ಮಡಿಲಲ್ಲಿ ಬಿಡುವ, ಅಲ್ಲಿ ಇಂಗ್ಲಿಷಿಗೆ ಜಾಗ ಕೊಡದ ಶಿಶುವಿಹಾರ ಅದು. ಗೂಡಿನಿಂದ ಬಂದ ಮಕ್ಕಳಿಗಾಗಿ 1985ರಲ್ಲಿ ಆಕ್ಲೆಂಡಿನ ಹೋವಾನಿ ವೈತಿತಿ ಮರಾಯೆ ಎಂಬ ಮಾವೋರಿ ಸಭಾಪ್ರಾಂಗಣದಲ್ಲಿ ಪೂರ್ಣ ಮಾವೋರಿ ಮಾಧ್ಯಮದ ಮೊದಲ ಶಾಲೆ ತೆರೆಯಿತು. ಮಾವೋರಿಗಳ ದೂರುಗಳನ್ನು ವಿಚಾರಿಸುವ ವೈತಂಗಿ ನ್ಯಾಯಮಂಡಳಿಯ 1986ರ ವರದಿಯ ಬೆನ್ನಿಗೇ 1987ರಲ್ಲಿ ಮಾವೋರಿ ಅಧಿಕೃತ ಭಾಷೆಯಾಯಿತು. 2004ರಲ್ಲಿ ದೂರದರ್ಶನ ವಾಹಿನಿಯೂ ಬಂತು. 1993ರ ಹೊತ್ತಿಗೆ ಗೂಡುಗಳಲ್ಲಿ 14,000ಕ್ಕೂ ಹೆಚ್ಚು ಮಕ್ಕಳಿದ್ದರು. ಅದೇ ಶಿಖರ, ಆಮೇಲೆ ದಾಖಲಾತಿ ಕುಸಿಯಿತು. 2010ರಲ್ಲಿ ಅದೇ ನ್ಯಾಯಮಂಡಳಿ ಭಾಷೆ ಮತ್ತೆ ಸಂಕಟದ ಅಂಚಿಗೆ ಬಂದಿದೆ ಎಂದು ಹೇಳಬೇಕಾಯಿತು.

ಮೆಟ್ಟಿಲು ಮತ್ತು ಒಂಬತ್ತು ಅಂಶಗಳು

ಶಾಲೆ, ಕಾನೂನು, ವಾಹಿನಿ ಎಲ್ಲ ಇದ್ದೂ ನುಡಿ ಏಕೆ ಸೊರಗಬಹುದು ಎಂಬುದನ್ನು ಅಮೆರಿಕದ ಸಮಾಜಭಾಷಾಶಾಸ್ತ್ರಜ್ಞ ಜೋಶುವ ಫಿಶ್‌ಮನ್ 1991ರಲ್ಲಿ ಪ್ರಕಟಿಸಿದ ಎಂಟು ಹಂತಗಳ ಮಾಪಕ ವಿವರಿಸುತ್ತದೆ. ಎಂಟನೆಯದು ಅತಿ ಕೆಟ್ಟ ಸ್ಥಿತಿ: ಬೆರಳೆಣಿಕೆಯ ವೃದ್ಧರ ನೆನಪಿನಿಂದ ಭಾಷೆಯನ್ನು ಹೆಕ್ಕಿ ತೆಗೆಯಬೇಕಾದ ಹಂತ. ಏಳನೆಯದರಲ್ಲಿ ಹಿರಿಯರು ಹಬ್ಬ, ಸಭೆಗಳಲ್ಲಿ ಧಾರಾಳವಾಗಿ ಆಡುತ್ತಾರೆ, ಆದರೆ ಅವರು ಮಕ್ಕಳನ್ನು ಹೆರುವ ವಯಸ್ಸು ದಾಟಿದವರು. ಆರನೆಯದು ಮನೆ ಮತ್ತು ನೆರೆಹೊರೆ, ಮಗು ತೊಟ್ಟಿಲಲ್ಲೇ ಭಾಷೆಯನ್ನು ಪಡೆಯುವ ಹಂತ. ಅಲ್ಲಿಂದ ಮೇಲಕ್ಕೆ ಅಕ್ಷರ, ಶಾಲೆ, ಉದ್ಯೋಗ, ಸ್ಥಳೀಯ ಆಡಳಿತ ಮತ್ತು ಮಾಧ್ಯಮ ಬರುತ್ತವೆ, ಕೊನೆಗೆ ಉನ್ನತ ಶಿಕ್ಷಣ ಮತ್ತು ರಾಷ್ಟ್ರಮಟ್ಟದ ಸರ್ಕಾರ. ಫಿಶ್‌ಮನ್ ಒತ್ತಿ ಹೇಳಿದ್ದು ಆರನೆಯ ಹಂತವನ್ನು. ಅದು ಭದ್ರವಾಗದೆ ಮೇಲಿನ ಹಂತಗಳಲ್ಲಿ ಸಾಧಿಸಿದ್ದೆಲ್ಲ ಪ್ರತಿ ಪೀಳಿಗೆಯಲ್ಲೂ ಮೊದಲಿನಿಂದ ಕಲಿಸಬೇಕಾದ ವಿದ್ಯೆಯಾಗಿಯೇ ಉಳಿಯುತ್ತದೆ. 2010ರಲ್ಲಿ ಪಾಲ್ ಲೂಯಿಸ್ ಮತ್ತು ಗ್ಯಾರಿ ಸೈಮನ್ಸ್ ಇದನ್ನು ಹದಿಮೂರು ಮಟ್ಟಗಳಿಗೆ ಹಿಗ್ಗಿಸಿದರು. ಜಗತ್ತಿನ ಭಾಷೆಗಳನ್ನು ಪಟ್ಟಿ ಮಾಡುವ ‘ಎಥ್ನೊಲಾಗ್’ ಬಳಸುವುದು ಈ ಹಿಗ್ಗಿಸಿದ ಮಾಪಕವನ್ನು.

ಗೂಡುಗಳ ಪ್ರಯೋಗ ಈ ಮೆಟ್ಟಿಲಿನ ಮೇಲೆ ನೇರವಾಗಿ ಕೂರುವುದಿಲ್ಲ ಎಂಬುದು ಗಮನಿಸಬೇಕಾದ ವಿಷಯ. ಅದು ನಡುವಿನ ಪೀಳಿಗೆಯನ್ನು ದಾಟಿ ಅಜ್ಜಿಯಿಂದ ಮೊಮ್ಮಗುವಿಗೆ ಭಾಷೆಯನ್ನು ಒಯ್ದ ಉಪಾಯ. ಸಂಜೆ ಮಗು ಮನೆಗೆ ಬಂದರೆ ಅಮ್ಮನಿಗೆ ಮಾವೋರಿ ಬಾರದು, ಮಗು ಇಂಗ್ಲಿಷಿಗೆ ಹೊರಳುತ್ತದೆ. ಆದ್ದರಿಂದ ಗೂಡು ಗೆದ್ದಿತೇ ಎಂದು ತಿಳಿಯಲು ಅಲ್ಲಿನ ದಾಖಲಾತಿಯನ್ನು ನೋಡಿದರೆ ಸಾಲದು. ಗೂಡಿನಲ್ಲಿ ಬೆಳೆದ ಮಗು ಇಪ್ಪತ್ತೈದು ಮೂವತ್ತು ವರ್ಷದ ನಂತರ ತಾನೇ ತಾಯಿಯಾದಾಗ ತನ್ನ ಕೂಸಿನೊಡನೆ ಯಾವ ಮಾತು ಆಡುತ್ತದೆ ಎಂಬುದನ್ನು ನೋಡಬೇಕು. ಈ ಅಳತೆಗೆ ಒಂದು ಪೀಳಿಗೆಯ ಕಾಲ ಬೇಕು, ಅನುದಾನದ ಅವಧಿ ಮೂರು ವರ್ಷದ್ದು. ಪುನಶ್ಚೇತನ ಯೋಜನೆಗಳಲ್ಲಿ ನಡೆಯುವ ತಪ್ಪು ಲೆಕ್ಕಗಳಲ್ಲಿ ಬಹಳಷ್ಟು ಈ ಅಂತರದಲ್ಲೇ ಹುಟ್ಟುತ್ತವೆ.

2003ರಲ್ಲಿ ಯುನೆಸ್ಕೊ ಕರೆಸಿದ ತಜ್ಞರ ಗುಂಪು ಒಂಬತ್ತು ಅಂಶಗಳ ಚೌಕಟ್ಟನ್ನು ಮುಂದಿಟ್ಟಿತು. ಪೀಳಿಗೆಯಿಂದ ಪೀಳಿಗೆಗೆ ದಾಟುವಿಕೆ, ಭಾಷಿಕರ ಸಂಖ್ಯೆ, ಸಮುದಾಯದಲ್ಲಿ ಅವರ ಪಾಲು, ಬಳಕೆಯ ಕ್ಷೇತ್ರಗಳು, ಹೊಸ ಕ್ಷೇತ್ರ ಮತ್ತು ಮಾಧ್ಯಮಗಳಿಗೆ ಭಾಷೆ ಒಗ್ಗಿದ ಬಗೆ, ಕಲಿಕೆಯ ಸಾಮಗ್ರಿ, ಸರ್ಕಾರದ ನಿಲುವು, ಸಮುದಾಯದ ಸ್ವಂತ ನಿಲುವು, ದಾಖಲೀಕರಣ ಇವೇ ಆ ಒಂಬತ್ತು. ಸಂಖ್ಯೆಯೊಂದನ್ನು ಬಿಟ್ಟು ಉಳಿದವಕ್ಕೆ 0ಯಿಂದ 5ರವರೆಗೆ ಅಂಕವಿದೆ. ಈ ಅಂಕಗಳನ್ನು ಕೂಡಿಸಬಾರದೆಂದು ಆ ವರದಿಯೇ ಎಚ್ಚರಿಸಿದೆ. ಆದರೂ ಕೂಡಿಸಿ ಸರಾಸರಿ ತೆಗೆಯುವವರು ಇದ್ದಾರೆ. ಹಾಗೆ ಮಾಡಿದರೆ ಏನು ಮರೆಯಾಗುತ್ತದೆ ಎಂಬುದನ್ನು ಮಾವೋರಿ ಭಾಷೆಗೇ ಚೌಕಟ್ಟನ್ನು ಹೊಂದಿಸಿ ನೋಡಬಹುದು. ಕೆಳಗಿನ ಅಂಕಗಳು ಆ ವರದಿಯ ವಿವರಣೆಗಳನ್ನು ಓದಿ ಈ ಲೇಖಕ ಹಾಕಿದವು.

1978ರ ಸುಮಾರಿಗೆ ದಾಟುವಿಕೆಗೆ 2 ಅಂಕ ಕೊಡಬೇಕಾಗುತ್ತದೆ. ಅಜ್ಜ ಅಜ್ಜಿಯರ ಪೀಳಿಗೆ ಆಡುತ್ತದೆ, ಮಕ್ಕಳು ಆಡುವುದಿಲ್ಲ ಎಂಬ ಸ್ಥಿತಿಗೆ ಆ ವರದಿ ಕೊಡುವ ಅಂಕ ಅದು. ಸರ್ಕಾರದ ನಿಲುವಿಗೆ 2ರ ಆಸುಪಾಸು, ಹೊಸ ಮಾಧ್ಯಮಕ್ಕೆ 1. 2018ಕ್ಕೆ ಬಂದರೆ ಚಿತ್ರ ಬೇರೆ. ಅಧಿಕೃತ ಸ್ಥಾನ, 2016ರ ಹೊಸ ಕಾನೂನು, ಅದರಡಿ ಬಂದ ‘ತೆ ಮಾತಾವಾಯಿ’ ಎಂಬ ಸ್ವತಂತ್ರ ಸಂಸ್ಥೆ ಇವೆಲ್ಲ ಇರುವುದರಿಂದ ಸರ್ಕಾರದ ನಿಲುವಿಗೆ 4 ಅಥವಾ 5 ಸಲ್ಲುತ್ತದೆ. ಕಲಿಕೆಯ ಸಾಮಗ್ರಿಗೂ ದಾಖಲೀಕರಣಕ್ಕೂ 4 ಅಂಕ, ಮಾಧ್ಯಮಕ್ಕೆ 3. ದಾಟುವಿಕೆಗೆ ಮಾತ್ರ ಉದಾರವಾಗಿ ಕೊಟ್ಟರೂ 3. ಸರಾಸರಿ ತೆಗೆದರೆ ಆರೋಗ್ಯವಂತ ಭಾಷೆಯೊಂದು ಕಾಣುತ್ತದೆ. ಅಂಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಕಾಣುವುದೇ ಬೇರೆ: ಸಂಸ್ಥೆಗಳ ಕೈಯಲ್ಲಿರುವ ಅಂಶಗಳು ಎತ್ತರಕ್ಕೆ ಏರಿವೆ, ಮನೆಯ ಕೈಯಲ್ಲಿರುವ ಅಂಶ ಹಿಂದೆ ಬಿದ್ದಿದೆ. ಈ ಏರುಪೇರೇ ರೋಗನಿದಾನ.

2013ರಲ್ಲಿ ನ್ಯೂಜಿಲೆಂಡಿನ ಅಂಕಿಅಂಶ ಇಲಾಖೆ ನಡೆಸಿದ ‘ತೆ ಕುಪೆಂಗ’ ಎಂಬ ಮಾವೋರಿ ಸಮೀಕ್ಷೆ ಇದನ್ನೇ ಬೇರೆ ದಾರಿಯಿಂದ ತೋರಿಸಿತು. ವಯಸ್ಕ ಮಾವೋರಿಗಳಲ್ಲಿ ಶೇಕಡಾ 55 ಮಂದಿಗೆ ಸ್ವಲ್ಪವಾದರೂ ಭಾಷೆ ಬರುತ್ತಿತ್ತು. ಚೆನ್ನಾಗಿ ಅಥವಾ ತುಂಬ ಚೆನ್ನಾಗಿ ಬರುತ್ತದೆ ಎಂದವರು ಸುಮಾರು 50,000, ಅಂದರೆ ಶೇಕಡಾ 11. ಮನೆಯಲ್ಲಿ ಒಂದಿಷ್ಟಾದರೂ ಆಡುತ್ತೇವೆ ಎಂದವರು ಮೂರರಲ್ಲಿ ಒಂದು ಪಾಲು, ಅದೇ ತಮ್ಮ ಮನೆಯ ಮುಖ್ಯ ಭಾಷೆ ಎಂದವರು ತೀರಾ ಕಡಿಮೆ. ಬಲ್ಲವರು, ಚೆನ್ನಾಗಿ ಬಲ್ಲವರು, ಮನೆಯಲ್ಲಿ ಆಡುವವರು ಎಂಬ ಮೂರು ವರ್ತುಲಗಳು ಒಂದರ ಮೇಲೊಂದು ಕೂರುವುದಿಲ್ಲವೆಂಬುದು ಇಲ್ಲಿ ಸ್ಪಷ್ಟವಾಯಿತು.

ಇಬ್ಬರು ಬೇಕು

ಮಾತಿಗೆ ಇಬ್ಬರು ಬೇಕು. ಎಣಿಕೆ ತಲೆಗಳನ್ನು ಎಣಿಸುತ್ತದೆ, ಮಾತು ನಡೆಯುವುದು ಜೋಡಿಗಳ ನಡುವೆ. ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದಕ್ಕೆ ಒಂದು ಚಿಕ್ಕ ಲೆಕ್ಕ ಸಾಕು. ನೂರು ಜನರ ಊರಿನಲ್ಲಿ 20 ಮಂದಿಗೆ ಭಾಷೆ ಬರುತ್ತದೆ, ಅವರು ಊರೆಲ್ಲ ಚದುರಿದ್ದಾರೆ ಎಂದಿಟ್ಟುಕೊಳ್ಳೋಣ. ದಾರಿಯಲ್ಲಿ ಯಾರೋ ಇಬ್ಬರು ಎದುರಾದರೆ ಇಬ್ಬರಿಗೂ ಆ ಭಾಷೆ ಬರುವ ಸಂದರ್ಭ ನೂರಕ್ಕೆ ಸುಮಾರು 4. ಮೂವರು ಸೇರಿದರೆ ಅದು ನೂರಕ್ಕೆ ಒಂದೂ ಅಲ್ಲ. ಗುಂಪಿನಲ್ಲಿ ಒಬ್ಬರಿಗೆ ಬಾರದಿದ್ದರೂ ಸೌಜನ್ಯಕ್ಕಾಗಿ ಎಲ್ಲರೂ ದೊಡ್ಡ ಭಾಷೆಗೆ ಹೊರಳುತ್ತಾರೆ. ಐದರಲ್ಲಿ ಒಬ್ಬರಿಗೆ ಬರುವ ಭಾಷೆ ಬೀದಿಯಲ್ಲಿ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಅದೇ 20 ಮಂದಿ ನಾಲ್ಕು ನಾಲ್ಕು ಜನರ ಐದು ಮನೆಗಳಲ್ಲಿದ್ದರೆ ಆ ಐದು ಮನೆಗಳೊಳಗಿನ ಮಾತೆಲ್ಲ ಆ ಭಾಷೆಯಲ್ಲೇ ನಡೆಯಬಹುದು. ಎಣಿಕೆ ಎರಡೂ ಊರುಗಳಿಗೆ ಶೇಕಡಾ 20 ಎಂದೇ ಬರೆಯುತ್ತದೆ.

ದಕ್ಷಿಣ ದ್ವೀಪದ ಕಾಯಿ ತಹು ಬುಡಕಟ್ಟಿನವರು ಈ ತರ್ಕಕ್ಕೆ ಒಪ್ಪುವ ಗುರಿಯನ್ನು 2000ದ ಸುಮಾರಿಗೆ ಹಾಕಿಕೊಂಡರು. ಅವರ ಯೋಜನೆಯ ಹೆಸರು ‘ಕೊತಹಿ ಮನೊ ಕಾಯಿಕ’, ಅಂದರೆ ಒಂದು ಸಾವಿರ ಮನೆ. ಇಪ್ಪತ್ತೈದು ವರ್ಷಗಳಲ್ಲಿ, 2025ರ ಹೊತ್ತಿಗೆ, ಮಾವೋರಿ ಆಡುವ ಒಂದು ಸಾವಿರ ಮನೆಗಳು ಇರಬೇಕು ಎಂಬುದು ಗುರಿಯಾಗಿತ್ತು. ಅಲ್ಲಿ ಎಣಿಕೆಯ ಘಟಕ ವ್ಯಕ್ತಿಯಲ್ಲ, ಮನೆ. ಘಟಕ ಬದಲಾದೊಡನೆ ಕೆಲಸದ ಸ್ವರೂಪವೂ ಬದಲಾಯಿತು. ಸಂಜೆ ತರಗತಿಗೆ ಬಂದ ಒಬ್ಬೊಬ್ಬರಿಗೆ ವ್ಯಾಕರಣ ಕಲಿಸುವುದರ ಬದಲು ಮಗುವನ್ನು ಮೀಯಿಸುವಾಗ, ಊಟಕ್ಕೆ ಕೂರಿಸುವಾಗ, ಗದರಿಸುವಾಗ ಬೇಕಾಗುವ ಮಾತುಗಳು ತಂದೆತಾಯಿ ಇಬ್ಬರ ಬಾಯಿಗೂ ಬರಬೇಕು ಎಂಬುದು ಮುಖ್ಯವಾಗುತ್ತದೆ.

ಬಳಕೆಯನ್ನು ನೇರವಾಗಿ ಅಳೆದ ಶ್ರೇಯಸ್ಸು ಸ್ಪೇನ್ ಮತ್ತು ಫ್ರಾನ್ಸ್ ಗಡಿಯಲ್ಲಿರುವ ಬಾಸ್ಕ್ ನಾಡಿಗೆ ಸಲ್ಲಬೇಕು. 1989ರಿಂದ ಕೆಲವು ವರ್ಷಗಳಿಗೊಮ್ಮೆ ಅಲ್ಲಿ ಬೀದಿ ಅಳತೆ ನಡೆಯುತ್ತದೆ. ತರಬೇತಿ ಪಡೆದ ಕಾರ್ಯಕರ್ತರು ನಿಗದಿಯಾದ ಬೀದಿಗಳಲ್ಲಿ ನಡೆದುಹೋಗುತ್ತ, ಯಾರನ್ನೂ ಏನೂ ಕೇಳದೆ, ಕಿವಿಗೆ ಬಿದ್ದ ಮಾತು ಯಾವ ಭಾಷೆಯದೆಂದು ಗುರುತಿಸಿಕೊಳ್ಳುತ್ತಾರೆ. ಆಡುತ್ತಿರುವವರ ಅಂದಾಜು ವಯಸ್ಸೆಷ್ಟು, ಗುಂಪಿನಲ್ಲಿ ಮಕ್ಕಳಿದ್ದಾರೆಯೇ ಎಂಬುದನ್ನೂ ಬರೆದುಕೊಳ್ಳುತ್ತಾರೆ. ಪ್ರಶ್ನೆಯೇ ಇಲ್ಲದ್ದರಿಂದ ಸ್ವಂತ ಅಂದಾಜಿನ ತೊಡಕು ಇಲ್ಲ. 1989ರಲ್ಲಿ ಬೀದಿಯಲ್ಲಿ ಬಾಸ್ಕ್ ಆಡುತ್ತಿದ್ದವರು ಶೇಕಡಾ 10.8, 2016ರಲ್ಲೂ 2021ರಲ್ಲೂ ಶೇಕಡಾ 12.6. ಈ ನಡುವೆ ಶಾಲೆಗಳ ದೆಸೆಯಿಂದ ಭಾಷೆ ಬಲ್ಲವರು ಬಹಳ ಹೆಚ್ಚಿ, ವಯಸ್ಕರಲ್ಲಿ ಅವರ ಪಾಲು ಸುಮಾರು ಶೇಕಡಾ 30 ಆಗಿದೆ. ಶೇಕಡಾ 30 ಬಲ್ಲವರಿದ್ದೂ ಬಳಕೆ 12.6 ಮಾತ್ರವೇ ಎಂದು ನಿರಾಶೆಪಡುವ ಮುನ್ನ ಜೋಡಿಯ ಲೆಕ್ಕ ಹಾಕಬೇಕು. ಬಲ್ಲವರು ಪೂರ್ತಿ ಚದುರಿದ್ದರೆ ಇಬ್ಬರಿಗೂ ಬರುವ ಸಂದರ್ಭ ನೂರಕ್ಕೆ 9. ಈ ಒರಟು ಅಂದಾಜಿಗಿಂತ ನಿಜವಾದ ಬಳಕೆ ಮೇಲಿದೆ. ಬಾಸ್ಕ್ ಬಲ್ಲವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಆಡುತ್ತಿದ್ದಾರೆ, ಅಥವಾ ಒತ್ತಾಗಿ ವಾಸಿಸುವ ಊರುಗಳಲ್ಲಿ ಆಡುತ್ತಿದ್ದಾರೆ. ಅದಕ್ಕಿಂತ ದೊಡ್ಡ ಸುಳಿವು ವಯಸ್ಸಿನದು. 1989ರಲ್ಲಿ ಬೀದಿಯಲ್ಲಿ ಹೆಚ್ಚು ಬಾಸ್ಕ್ ಆಡುತ್ತಿದ್ದವರು ಮುದುಕರು, ಈಗ ಮಕ್ಕಳು. ಎಂಟುಹತ್ತು ವರ್ಷದ ಮಗುವಿನ ಮುಂದೆ ದೊಡ್ಡವರೂ ಬಾಸ್ಕ್ ಆಡುತ್ತಾರೆ, ಮಗು ಆಚೆ ಹೋದರೆ ಹೊರಳಿಕೊಳ್ಳುತ್ತಾರೆ.

ಆಡದವರನ್ನೂ ಅಳೆಯುವುದು

1984ರಲ್ಲಿ ಆಕ್ಲೆಂಡಿನ ದೂರವಾಣಿ ವಿನಿಮಯ ಕೇಂದ್ರದಲ್ಲಿ ಕೆಲಸಕ್ಕಿದ್ದ ನೈಡ ಗ್ಲಾವಿಶ್ ಎಂಬ ಮಾವೋರಿ ಮಹಿಳೆ ಕರೆ ಮಾಡಿದವರಿಗೆ ‘ಕಿಯ ಒರ’ ಎಂದು ವಂದಿಸುತ್ತಿದ್ದರು. ಹಾಗೆನ್ನಬಾರದೆಂದು ಮೇಲಧಿಕಾರಿ ತಡೆದರು. ಆಕೆ ಒಪ್ಪಲಿಲ್ಲ, ಆ ಕೆಲಸದಿಂದ ಸರಿಸಲಾಯಿತು. ದೇಶವಿಡೀ ಗದ್ದಲವಾಗಿ, ಪ್ರಧಾನಿ ಮಲ್ಡೂನ್ ಮಧ್ಯೆ ಬಂದು, ಕೊನೆಗೆ ಆಕೆ ಅದೇ ಕೆಲಸಕ್ಕೆ, ಅದೇ ವಂದನೆಗೆ ಮರಳಿದರು. ಆ ವರ್ಷ ಭಾಷಿಕರ ಸಂಖ್ಯೆ ಇದರಿಂದ ಒಂದೂ ಹೆಚ್ಚಲಿಲ್ಲ. ಆದರೆ ಭಾಷೆಗೆ ಏನೋ ಆಯಿತೆಂಬುದು ಎಲ್ಲರಿಗೂ ಗೊತ್ತಿತ್ತು.

ಆ ‘ಏನೋ’ ಎಂಬುದನ್ನು ಹಿಡಿಯಲು ರಾವಿನಿಯ ಹಿಗಿನ್ಸ್ ಮತ್ತು ಪೋಯಿಯ ರೇವಿ ಎಂಬ ಮಾವೋರಿ ವಿದ್ವಾಂಸರು 2014ರಲ್ಲಿ ಒಂದು ಮಾದರಿ ಕೊಟ್ಟರು. ಜನರನ್ನು, ಸಂಸ್ಥೆಗಳನ್ನು, ಇಡೀ ಸಮಾಜವನ್ನು ಅದು ಶೂನ್ಯ, ನಿಷ್ಕ್ರಿಯ, ಸಕ್ರಿಯ ಎಂಬ ಮೂರು ನೆಲೆಗಳಲ್ಲಿ ಇರಿಸುತ್ತದೆ. ಭಾಷೆಯ ಬಗ್ಗೆ ತಾತ್ಸಾರ ಅಥವಾ ವಿರೋಧ ಇರುವುದು ಶೂನ್ಯ ನೆಲೆ. ತಾನು ಆಡದಿದ್ದರೂ ಕೇಳಿಸಿಕೊಳ್ಳುವ, ಜಾಗ ಬಿಡುವ, ಹೆಸರುಗಳನ್ನು ಸರಿಯಾಗಿ ಉಚ್ಚರಿಸುವ ಸ್ಥಿತಿ ನಿಷ್ಕ್ರಿಯ ನೆಲೆ. ತಾನೇ ಆಡುವುದು, ದಾಟಿಸುವುದು ಸಕ್ರಿಯ ನೆಲೆ. ಎಡದಿಂದ ಬಲಕ್ಕೆ ಸರಿದ ಪ್ರತಿ ಹೆಜ್ಜೆಯೂ ಇಲ್ಲಿ ಗಳಿಕೆ, ಬಲದಿಂದ ಎಡಕ್ಕೆ ಜಾರುವುದೂ ಸಾಧ್ಯ. ಸರ್ಕಾರ 2019ರಲ್ಲಿ ಪ್ರಕಟಿಸಿದ ‘ಮೈಹಿ ಕರೌನ’ ಯೋಜನೆಯ 2040ರ ಗುರಿಗಳಲ್ಲಿ ಇದರ ಛಾಯೆ ಇದೆ. ಶೇಕಡಾ 85 ನ್ಯೂಜಿಲೆಂಡಿಗರು ಮಾವೋರಿಯನ್ನು ದೇಶದ ಗುರುತಿನ ಭಾಗವೆಂದು ಮನ್ನಿಸಬೇಕು, 10 ಲಕ್ಷ ಮಂದಿ ಮೂಲಭೂತ ಸಂಗತಿಗಳನ್ನಾದರೂ ಆಡಬಲ್ಲವರಾಗಬೇಕು, 15 ವರ್ಷ ದಾಟಿದ 1,50,000 ಮಾವೋರಿಗಳು ಇಂಗ್ಲಿಷಿನಷ್ಟೇ ಮಾವೋರಿಯನ್ನು ಬಳಸಬೇಕು.

ಈ ಮಾದರಿಗೆ ಒಂದು ಮಿತಿ ಇದೆ. ಶೂನ್ಯದಿಂದ ನಿಷ್ಕ್ರಿಯಕ್ಕೆ ಜನರನ್ನು ಸರಿಸುವುದು ಹೋಲಿಕೆಯಲ್ಲಿ ಸುಲಭ, ಅದರ ಅಂಕಿಗಳು ಬೇಗ ಏರುತ್ತವೆ. ಕಚೇರಿಯ ಫಲಕ, ಮಿಂಚಂಚೆಯ ಕೊನೆಯ ವಂದನೆ, ವಾರ್ತಾವಾಚಕರ ಎರಡು ವಾಕ್ಯ ಇವೆಲ್ಲ ಹೆಚ್ಚುತ್ತ ಹೋಗಿ ಮನೆಯೊಳಗಿನ ಮಾತು ಇಳಿಯುತ್ತಲೇ ಇರಬಹುದು. 2018 ಮತ್ತು 2023ರ ನಡುವೆ ದೇಶದ ಒಟ್ಟು ಸಂಖ್ಯೆ ಏರಿ ಮಾವೋರಿ ಜನರೊಳಗಿನ ಪಾಲು ಇಳಿದದ್ದನ್ನು ನಾನು ಹೀಗೆ ಓದುತ್ತೇನೆ. ನಿಲುವಿನ ಅಳತೆಯನ್ನು ದಾಟುವಿಕೆಯ ಅಳತೆಯ ಪಕ್ಕದಲ್ಲಿಟ್ಟೇ ನೋಡಬೇಕು, ಅದರ ಬದಲಿಗಲ್ಲ.

ಉಳಿದದ್ದು ಅದೇ ಭಾಷೆಯೇ

ರಾಷ್ಟ್ರೀಯ ಪ್ರಸಾರ ಸೇವೆಯ ಸಂಚಾರಿ ಘಟಕವೊಂದು 1946ರಿಂದ 1948ರ ನಡುವೆ ಮಾವೋರಿ ಹಿರಿಯರ ಮಾತನ್ನು ಧ್ವನಿಮುದ್ರಿಸಿಕೊಂಡಿತ್ತು. ಅವರಲ್ಲಿ ಕೆಲವರು ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಹುಟ್ಟಿದವರು. ಆ ಧ್ವನಿಗಳನ್ನು ಈಚಿನ ಹಿರಿಯರ ಮತ್ತು ಯುವಕರ ಮಾತಿನೊಡನೆ ಹೋಲಿಸಿದ ಸಂಶೋಧಕರ ತಂಡಕ್ಕೆ ಕಂಡದ್ದು ಸ್ವರಗಳ ಪಲ್ಲಟ. ಯುವಕರ ಬಾಯಲ್ಲಿ ಸ್ವರಗಳು ನ್ಯೂಜಿಲೆಂಡ್ ಇಂಗ್ಲಿಷಿನ ಕಡೆ ವಾಲಿವೆ, ಹ್ರಸ್ವ ದೀರ್ಘಗಳ ಅಂತರ ಕಿರಿದಾಗಿದೆ. ಕನ್ನಡಿಗರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಮನ ಮತ್ತು ಮಾನ ನಮಗೆ ಬೇರೆ ಬೇರೆ ಇರುವಂತೆ ಅವರಿಗೆ ‘ಮತುವ’ ಎಂದರೆ ತಂದೆ, ‘ಮಾತುವ’ ಎಂದರೆ ತಂದೆತಾಯಿಯರು.

ಇದನ್ನು ಸೋಲೆಂದು ಬರೆದುಕೊಳ್ಳಬೇಕೇ ಎಂಬುದು ಆ ಸಮುದಾಯದೊಳಗೇ ಚರ್ಚೆಯಲ್ಲಿರುವ ಪ್ರಶ್ನೆ. ಬದುಕಿರುವ ಭಾಷೆ ಬದಲಾಗುತ್ತದೆ ಎಂಬುದು ಒಂದು ಪಕ್ಷ, ಅದರ ಇಂಪನ್ನೇ ಬಿಟ್ಟುಕೊಟ್ಟರೆ ಉಳಿದದ್ದೇನು ಎಂಬುದು ಇನ್ನೊಂದು. ಅಳೆಯುವವರಿಗೆ ಇದರಲ್ಲಿ ಒಂದು ಉಪಯುಕ್ತ ಸುಳಿವು ಇದೆ. ಹಿರಿಯರು ತಿದ್ದಿಯಾರೆಂಬ ನಾಚಿಕೆಗೆ ಕಲಿತ ಯುವಕರು ಬಾಯಿ ತೆರೆಯದೆ ಹೋಗುವುದನ್ನು ಮಾವೋರಿಯಲ್ಲಿ ‘ಫಕಮಾ’ ಎನ್ನುತ್ತಾರೆ. ಗುಣಮಟ್ಟದ ಅಳತೆಯನ್ನು ಕಲಿತವರ ತಲೆಯ ಮೇಲೆ ಪರೀಕ್ಷೆಯಾಗಿ ಹೇರಿದ ಕಡೆ ಈ ನಾಚಿಕೆ ಹೆಚ್ಚಿ ಬಳಕೆ ಕುಗ್ಗುತ್ತದೆ. ಆದ್ದರಿಂದ ಗುಣಮಟ್ಟವನ್ನು ಧ್ವನಿಮುದ್ರಣಗಳಲ್ಲಿ ದೂರದಿಂದ ಗಮನಿಸಬೇಕು, ತರಗತಿಯಲ್ಲಿ ಅಂಕವಾಗಿಸಬಾರದು ಎಂಬುದು ಈ ಲೇಖಕನ ನಿಲುವು.

ಕರ್ನಾಟಕದ ಎರಡು ನುಡಿಗಳು

ಯುನೆಸ್ಕೊದ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ತುಳು ಮತ್ತು ಕೊಡವ ಎರಡೂ ಇವೆ. ಇವುಗಳ ಬಗ್ಗೆ ನಮ್ಮ ಕೈಗೆ ಸಿಗುವ ಅಂಕಿ ಭಾರತದ ಜನಗಣತಿಯದು. ಅದರ ಪ್ರಕಾರ ತುಳು 2001ರಲ್ಲಿ 17,22,768 ಮಂದಿಯ ತಾಯ್ನುಡಿ, 2011ರಲ್ಲಿ 18,46,427 ಮಂದಿಯದು. ಕೊಡವ 2001ರಲ್ಲಿ 1,66,187, 2011ರಲ್ಲಿ 1,13,857. ಹತ್ತೇ ವರ್ಷದಲ್ಲಿ 50,000ಕ್ಕೂ ಹೆಚ್ಚು ಜನ ಒಂದು ಭಾಷೆಯನ್ನು ಮರೆಯುವುದಿಲ್ಲ. ಆಡುವವರು ಸತ್ತು ಮಕ್ಕಳು ಕಲಿಯದೆ ಹೋದರೂ ಇಳಿಕೆ ಇಷ್ಟು ಕಡಿದಾಗಿರುವುದಿಲ್ಲ. ಹೇಳಿಕೆ ಬದಲಾದದ್ದೋ ಬರೆದುಕೊಂಡ ಬಗೆ ಬದಲಾದದ್ದೋ ಇದರಲ್ಲಿ ಸೇರಿರಬೇಕು. ಅಷ್ಟಾಗಿಯೂ ಕೊಡವ ಕ್ಷೇಮವಾಗಿದೆ ಎಂದಾಗಲಿ, ತುಳು ಬೆಳೆಯುತ್ತಿದೆ ಎಂದಾಗಲಿ ಈ ಅಂಕಿಗಳಿಂದ ಹೇಳಲಾಗದು. ತುಳುವಿಗೆ ಯಕ್ಷಗಾನ, ನಾಟಕ, ಸಿನಿಮಾ, ಭೂತಾರಾಧನೆಯ ಪಾಡ್ದನ ಹೀಗೆ ಬಳಕೆಯ ಕ್ಷೇತ್ರಗಳು ಗಟ್ಟಿಯಾಗಿವೆ, ಅಕಾಡೆಮಿ ಇದೆ, ಎಂಟನೆಯ ಪರಿಚ್ಛೇದದ ಬೇಡಿಕೆ ಇದೆ. ಒಂಬತ್ತು ಅಂಶಗಳ ಚೌಕಟ್ಟಿನಲ್ಲಿ ಅವೆಲ್ಲ ಬೇರೆ ಬೇರೆ ಸಾಲುಗಳಲ್ಲಿ ಬರುತ್ತವೆ, ಮೊದಲ ಸಾಲಿನಲ್ಲಿ ಅಲ್ಲ.

ಮೊದಲ ಸಾಲನ್ನು ತುಂಬಲು ನಮ್ಮ ಜನಗಣತಿಯಿಂದ ಆಗುವುದಿಲ್ಲ, ಅದಕ್ಕೆ ಕಾರಣ ಅದರ ವ್ಯಾಖ್ಯೆಯಲ್ಲೇ ಇದೆ. ಜನಗಣತಿಯ ಸೂಚನೆಯಂತೆ ತಾಯ್ನುಡಿಯೆಂದರೆ ವ್ಯಕ್ತಿಯ ಬಾಲ್ಯದಲ್ಲಿ ಆತನ ತಾಯಿ ಆತನೊಡನೆ ಆಡುತ್ತಿದ್ದ ಭಾಷೆ. ಅದು ತಾಯಿಯ ಮಾತನ್ನು ದಾಖಲಿಸುತ್ತದೆ, ಮಗುವಿನ ಉತ್ತರವನ್ನಲ್ಲ. ಬೆಂಗಳೂರಿನ ಮನೆಯೊಂದರಲ್ಲಿ ಅವ್ವ ಕೊಡವದಲ್ಲಿ ಕೇಳಿ, ಆರು ವರ್ಷದ ಮಗಳು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಟ್ಟರೂ ಮಗಳ ಹೆಸರಿನ ಮುಂದೆ ಬರುವುದು ಕೊಡವವೇ. ಅವಳು ಮುಂದೆ ತನ್ನ ಮಗುವಿನೊಡನೆ ಯಾವ ಮಾತು ಆಡಿದಳೆಂಬುದು ಪಟ್ಟಿಗೆ ಸೇರುವುದು ಆ ಮಗು ಹುಟ್ಟಿ, ಅದರ ನಂತರದ ಜನಗಣತಿ ನಡೆದಾಗ.